ಅಕ್ಕನ ಮಗಳ ಕನ್ನಡ ಟಿಪ್ಪಣಿಯಿಂದ ಫ್ರೆಂಚ್ ಎಸ್‌ಒಪಿ ಬರೆದಿದ್ದೇನೆ, ಸ್ವಲ್ಪ ನೋಡಿ ಹೇಳಿ

ಮೈಸೂರು ಮಾವ

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನ ಮಗಳು ಗುಂಡ್ಲುಪೇಟೆ ಕಡೆಯವಳು. ಬಿ.ಎಸ್ಸಿ. ಮುಗಿಸಿದ್ದಾಳೆ, ಭೂವಿಜ್ಞಾನ ಮತ್ತು ರಸಾಯನಶಾಸ್ತ್ರ. ಫ್ರಾನ್ಸಿನ ಮೋಂಪೆಲಿಯೆಯಲ್ಲಿ ನೀರಿನ ವಿಜ್ಞಾನದ ಮಾಸ್ಟರ್ಸ್ ಇದೆ, ಅದರಲ್ಲಿ ‘ನೀರು ಮತ್ತು ಕೃಷಿ’ ಅನ್ನೋ ವಿಭಾಗಕ್ಕೆ ಅರ್ಜಿ ಹಾಕುತ್ತಿದ್ದಾಳೆ. ಅದರ ಜೊತೆ ಯಾಕೆ ಓದಬೇಕು ಅಂತ ಹೇಳೋ ಎಸ್‌ಒಪಿ ಕೊಡಬೇಕು. ಪಾಠ ಫ್ರೆಂಚಿನಲ್ಲಿ. ಅವಳು ಫ್ರೆಂಚ್ ಭಾಷೆಯ ಡೆಲ್ಫ್ ಬಿ2 ಪರೀಕ್ಷೆ ಪಾಸಾಗಿದ್ದಾಳೆ, ಆದರೆ ಬರೆಯೋಕೆ ಕೂತರೆ ಕೈ ನಡುಗುತ್ತದೆ ಅಂತಾಳೆ. ಅದಕ್ಕೆ ನಾಲ್ಕು ಪುಟ ಕನ್ನಡದಲ್ಲಿ ಟಿಪ್ಪಣಿ ಮಾಡಿ ನನಗೆ ಕೊಟ್ಟಳು. ನಾನು 15 ವರ್ಷದ ಹಿಂದೆ ಸಂಜೆ ಕ್ಲಾಸಿಗೆ ಹೋಗಿ ಫ್ರೆಂಚ್ ಕಲಿತವನು. ಅವಳ ಅಣ್ಣ ಟಿಪ್ಪಣಿಯನ್ನು ಇಂಗ್ಲಿಷಿಗೆ ಮಾಡಿದ, ನಾನು ಅದನ್ನು ಫ್ರೆಂಚಿಗೆ ಮಾಡಿದೆ.

ಟಿಪ್ಪಣಿಯಲ್ಲಿ ಅವಳು ಬರೆದಿದ್ದು ಹೀಗೆ: “ನಮ್ಮೂರಲ್ಲಿ ಬೋರ್‌ವೆಲ್ ಎಲ್ಲಾ ಬತ್ತಿಹೋಗ್ತಿವೆ. ಅಪ್ಪ ಮೂರು ಬೋರ್ ಕೊರೆಸಿದ್ರು, ಎರಡು ಫೇಲ್. ಕೊನೇದು 600 ಅಡಿ. ಕೊನೇ ವರ್ಷದ ಪ್ರಾಜೆಕ್ಟ್‌ನಲ್ಲಿ 22 ಬೋರ್‌ವೆಲ್ ನೋಡಿದ್ವಿ, ನೀರಿನ ಮಟ್ಟ ಅಳೆದ್ವಿ, ನೀರು ಟೆಸ್ಟ್ ಮಾಡಿಸಿದ್ವಿ. 9ರಲ್ಲಿ ನೈಟ್ರೇಟ್ ಜಾಸ್ತಿ ಬಂತು. ಕೆರೆ ಹೂಳು ತೆಗೆದ ಮೇಲೆ ಎರಡು ಬೋರ್‌ನಲ್ಲಿ ಮತ್ತೆ ನೀರು ಬಂತು ಅಂತಾರೆ.”

ನನ್ನ ಕರಡಿನಿಂದ ನಾಲ್ಕು ಸಾಲು:

```
Je suis passionné par l'eau depuis mon enfance.
J'ai gradué de mon collège en première classe.
Dans mon village, l'eau est à 180 mètres.
J'ai analysé l'eau de 22 puits.
```

ಒಟ್ಟು ಎರಡೂವರೆ ಪುಟ ಆಗಿದೆ. ತಪ್ಪಿದ್ದರೆ ಮುಲಾಜಿಲ್ಲದೆ ಹೇಳಿ.

ಚುರುಮುರಿ

ಕನ್ನಡದಿಂದ ಇಂಗ್ಲಿಷ್, ಇಂಗ್ಲಿಷಿನಿಂದ ಫ್ರೆಂಚ್. ಗುಂಡ್ಲುಪೇಟೆಯಿಂದ ಮೈಸೂರಿಗೆ ಊಟಿ ಮೇಲೆ ಹೋದ ಹಾಗಾಯ್ತು.

ರಿಟೈರ್ಡ್ ಮೇಷ್ಟ್ರು

ಮುಲಾಜಿಲ್ಲದೆ ಅಂದಿದ್ದೀರಿ, ಹೇಳುತ್ತೇನೆ. ನಾಲ್ಕು ಸಾಲಿನಲ್ಲಿ ನಾಲ್ಕೂ ತಪ್ಪು.

ಮೊದಲನೇ ಸಾಲಿನಲ್ಲಿ ಹುಡುಗಿ ಹುಡುಗನಾಗಿದ್ದಾಳೆ. ‘ಪಾಸ್ಯೊನೆ’ ಪದಕ್ಕೆ ಕೊನೆಯಲ್ಲಿ ಇನ್ನೊಂದು ಇ ಬೇಕು. ಇದು ನಮ್ಮವರು ಸದಾ ಬೀಳೋ ಹಳ್ಳ. ಕನ್ನಡದಲ್ಲಿ ‘ನಾನು ಓದಿದೆ, ನಾನು ಬೆಳೆದೆ’ ಅಂದರೆ ಹೆಣ್ಣೋ ಗಂಡೋ ಗೊತ್ತಾಗುವುದಿಲ್ಲ. ‘ಓದಿದಳು’ ಅಂದಾಗ ಮಾತ್ರ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲೂ ಹಾಗೇ. ಆದ್ದರಿಂದ ಎರಡು ಭಾಷೆ ದಾಟಿ ಬರುವಷ್ಟರಲ್ಲಿ ಬರೆಯುವವನಿಗೆ ಅದು ಮರೆತೇ ಹೋಗಿರುತ್ತದೆ. ಬರೆಯುವವರು ಮಾವ, ಸಹಿ ಹಾಕುವವಳು ಸೊಸೆ. ಹುಟ್ಟಿದೆ, ಡಿಪ್ಲೊಮಾ ಪಡೆದೆ, ಆಸಕ್ತಿ ಇದೆ, ಎಲ್ಲ ಕಡೆ ಹುಡುಕಿ ಸರಿ ಮಾಡಿ.

ಎರಡನೇ ಸಾಲು: ಫ್ರೆಂಚಿನಲ್ಲಿ ‘ಗ್ರಾದ್ಯುಯೆ’ ಅಂದರೆ ಥರ್ಮಾಮೀಟರಿಗೆ ಗೆರೆ ಹಾಕುವುದು. ‘ಕೊಲೆಜ್’ ಅಂದರೆ 11ರಿಂದ 15 ವರ್ಷದ ಮಕ್ಕಳ ಶಾಲೆ. ‘ಪ್ರಮಿಯೆರ್ ಕ್ಲಾಸ್’ ಅಂದರೆ ರೈಲಿನ ಟಿಕೆಟ್ಟು. ಈ ಸಾಲು ಓದಿದವನಿಗೆ ಏನು ಕಾಣುತ್ತದೆ ಅಂತ ನೀವೇ ಊಹಿಸಿ. ‘ಬ್ಯಾಚುಲರ್ ಆಫ್ ಸೈನ್ಸ್, ಮೂರು ವರ್ಷ, ಲಿಸಾಂಸ್ ಮಟ್ಟ’ ಅಂತ ಬರೆದರೆ ಸಾಕು. ‘ನನ್ನ ಹತ್ತಿರ ಲಿಸಾಂಸ್ ಇದೆ’ ಅಂತ ನೇರವಾಗಿ ಬರೆಯಬೇಡಿ. ಅದು ಅವರ ದೇಶದ ಪದವಿ. ಸಮಾನವೋ ಅಲ್ಲವೋ ನಿರ್ಧಾರ ಮಾಡುವುದು ಅವರ ಕೆಲಸ.

ಇನ್ನೊಂದು. ‘ಪಾಸೆ’ ಅಂದರೆ ಪರೀಕ್ಷೆ ಬರೆಯುವುದು, ಪಾಸಾಗುವುದಲ್ಲ. ಡೆಲ್ಫ್ ಬಗ್ಗೆ ಬರೆಯುವಾಗ ಹುಷಾರು.

ಡಲ್ಲಾಸ್ ದೊರೆ

ಭಾಷೆ ಸರಿ ಮಾಡಬಹುದು ಬಿಡಿ. ನನಗೆ ಕಾಣೋ ಸಮಸ್ಯೆ ಕತೆ ಇಲ್ಲ ಅನ್ನೋದು. ನಾನು ಎಂಟು ಅಮೆರಿಕನ್ ಯೂನಿವರ್ಸಿಟಿಗೆ ಹಾಕಿ ಐದರಲ್ಲಿ ಸೀಟು ಪಡೆದವನು. ಅಪ್ಪನ ಎರಡು ಬೋರ್ ಫೇಲ್ ಆಗಿದ್ದೇ ಓಪನಿಂಗ್. ರಿಗ್ ಬಂದ ರಾತ್ರಿ, ಧೂಳು ಮಾತ್ರ ಎದ್ದಿದ್ದು, ಅಮ್ಮನ ಮುಖ, ಅಲ್ಲಿಂದ ಶುರು ಮಾಡಿ. 1000 ಪದ ಇರಲಿ. ಕೊನೆಗೆ ಕಲಾಂ ಅವರ ಒಂದು ಮಾತು ಹಾಕಿ.

ಗರೋನ್ ತೀರ

ದಯವಿಟ್ಟು ಹಾಗೆ ಮಾಡಬೇಡಿ 🙏

ನಾನು ತುಲೂಸ್‌ನಲ್ಲಿ ಅಂತರ್ಜಲದ ಮೇಲೆ ಪಿಎಚ್.ಡಿ. ಮಾಡಿದೆ, ಮಾಸ್ಟರ್ಸ್ ಕೂಡ ಇಲ್ಲೇ. ಇಲ್ಲಿ ಇದನ್ನು ಎಸ್‌ಒಪಿ ಅನ್ನೋದಿಲ್ಲ, ಲೆತ್ರ್ ದ ಮೋತಿವಾಸ್ಯೋಂ ಅಂತಾರೆ. ಹೆಸರಲ್ಲೇ ಇದೆ, ಅದು ಲೆಟರ್. ಒಂದು ಪುಟ. ಎಡಗಡೆ ಮೇಲೆ ನಿಮ್ಮ ವಿಳಾಸ, ಬಲಗಡೆ ಸ್ವಲ್ಪ ಕೆಳಗೆ ಅವರದು, ಊರು, ತಾರೀಕು, ವಿಷಯ, ‘ಮದಾಮ್, ಮೊಸ್ಯೂ’ ಮತ್ತು ಒಂದು ಕಾಮಾ. ಎರಡೂವರೆ ಪುಟ ಕಳಿಸಿದರೆ ಎರಡನೇ ಪುಟ ಯಾರೂ ತಿರುಗಿಸುವುದಿಲ್ಲ.

ಓದುವವರು ಪ್ರವೇಶ ವಿಭಾಗದ ಗುಮಾಸ್ತರಲ್ಲ, ನಿಮಗೆ ಪಾಠ ಮಾಡೋ ಮೇಷ್ಟ್ರುಗಳೇ. ತಮ್ಮ ಕ್ಲಾಸಿನಲ್ಲಿ ಈ ಹುಡುಗಿ ನಿಭಾಯಿಸುತ್ತಾಳಾ, ಇಲ್ಲಿವರೆಗೆ ಓದಿದ್ದಕ್ಕೂ ಮುಂದೆ ಮಾಡಬೇಕು ಅನ್ನೋದಕ್ಕೂ ಈ ಕೋರ್ಸು ಮಧ್ಯದಲ್ಲಿ ಕೂರುತ್ತದಾ, ಇಷ್ಟೇ ನೋಡುತ್ತಾರೆ. ಅಮ್ಮನ ಮುಖ ನೋಡಿ ಸೀಟು ಕೊಡೋದಿಲ್ಲ. ಬದಲಿಗೆ ಮುಜುಗರ ಪಡುತ್ತಾರೆ. ಉಲ್ಲೇಖ ಹಾಕಿದರೆ ಅದು ಹೈಸ್ಕೂಲಿನ ಪ್ರಬಂಧ.

ಆದರೆ ನನಗೆ ಈ ಕರಡಿನಲ್ಲಿ ನಿಜವಾಗಿ ಭಯ ಆಗಿದ್ದು ಕೊನೆಯ ಎರಡು ಸಾಲು. ವ್ಯಾಕರಣ ಸರಿ ಇದೆ. ಆದರೆ ಎರಡೂ ಸುಳ್ಳು.

ಅವಳು ಬರೆದಿದ್ದು “ಟೆಸ್ಟ್ ಮಾಡಿಸಿದ್ವಿ”. ಮಾಡಿಸಿದ್ವಿ! ಅಂದರೆ ಲ್ಯಾಬಿಗೆ ಕೊಟ್ಟರು. ಇಂಗ್ಲಿಷಿಗೆ ಹೋದಾಗ ಆ ‘ಇಸು’ ಉದುರಿತು, ಫ್ರೆಂಚಿಗೆ ಬಂದಾಗ ‘ನಾನೇ ವಿಶ್ಲೇಷಣೆ ಮಾಡಿದೆ’ ಅಂತಾಯ್ತು. ಈಗ ಸಂದರ್ಶನದಲ್ಲಿ ಯಾರಾದರೂ “ನೈಟ್ರೇಟ್ ಯಾವ ವಿಧಾನದಲ್ಲಿ ಅಳೆದಿರಿ, ಯಾವ ಉಪಕರಣ?” ಅಂತ ಕೇಳಿದರೆ ಪಾಪ ಹುಡುಗಿ ಏನು ಹೇಳಬೇಕು? ತಮಾಷೆ ಅಂದರೆ ಇದಕ್ಕೆ ಇಂಗ್ಲಿಷೇ ಬೇಕಿರಲಿಲ್ಲ. ಫ್ರೆಂಚಿನಲ್ಲಿ ‘ಫೇರ್’ ಜೊತೆ ಇನ್ನೊಂದು ಕ್ರಿಯಾಪದ ಹಾಕಿದರೆ ನಮ್ಮ ‘ಮಾಡಿಸು’ ಹಾಗೇ ಬರುತ್ತದೆ:

```
Nous avons fait analyser l'eau.
```

ಇನ್ನೊಂದು, “ಕೊನೇದು 600 ಅಡಿ” ಅಂದರೆ ಬೋರ್ ಕೊರೆದ ಆಳ. ನೀವು ‘ನೀರು 180 ಮೀಟರ್ ಆಳದಲ್ಲಿದೆ’ ಅಂತ ಬರೆದಿದ್ದೀರಿ. ಅದು ಬೇರೆ, ಇದು ಬೇರೆ. ಗುಂಡ್ಲುಪೇಟೆಯ ಗಟ್ಟಿ ಕಲ್ಲಿನ ನೆಲದಲ್ಲಿ 600 ಅಡಿ ಕೊರೆದ ಬೋರ್‌ನಲ್ಲೂ ನೀರಿನ ಮಟ್ಟ ಎಷ್ಟೋ ಮೇಲೆ ಬಂದು ನಿಂತಿರಬಹುದು. ನೀರಿನ ಮಾಸ್ಟರ್ಸ್‌ಗೆ ಅರ್ಜಿ ಹಾಕೋವಳು ಇದನ್ನು ಗೊಂದಲ ಮಾಡಿಕೊಂಡಿದ್ದಾಳೆ ಅಂತ ಕಂಡರೆ ಲೆಟರು ಅಲ್ಲಿಗೇ ಮುಗಿಯಿತು. ಮತ್ತೆ ‘ಪ್ಯುಯಿ’ ಅಂದರೆ ತೆರೆದ ಬಾವಿ. ಬೋರ್‌ವೆಲ್ಲಿಗೆ ‘ಫೊರಾಜ್’.

ಬೋರ್ ಬಸಣ್ಣ

ಚಿತ್ರದುರ್ಗದಿಂದ. ನಮ್ಮದು ರಿಗ್ ಕೆಲಸ, 18 ವರ್ಷ ಆಯ್ತು. ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ಜನ “600 ಅಡಿಗೆ ನೀರು” ಅಂತಾರೆ. ನೀರು ಸಿಕ್ಕಿದ್ದು 280ಕ್ಕೋ 410ಕ್ಕೋ ಇರುತ್ತದೆ, ಆಮೇಲೆ ಆಸೆಗೆ ಇನ್ನಷ್ಟು ಹೊಡೆಸಿರುತ್ತಾರೆ. ಸಿಕ್ಕ ನೀರು ಮೇಲೆ ಬಂದು ನಿಲ್ಲೋದು ಇನ್ನೆಲ್ಲೋ.

ಒಂದು ಡೌಟು. 22 ಬೋರಿನಲ್ಲಿ ನೀರಿನ ಮಟ್ಟ ಅಳೆದರಂತೆ. ಪಂಪು ಪೈಪು ಒಳಗಿದ್ದಾಗ ಟೇಪ್ ಇಳಿಸಿದರೆ ಕೇಬಲ್ಲಿಗೆ ಸಿಕ್ಕಿಕೊಳ್ಳುತ್ತೆ. ಕೆಲವು ಬೋರಿಗೆ ಬಾಯಿಗೇ ಮುಚ್ಚಳ ವೆಲ್ಡ್ ಮಾಡಿರ್ತಾರೆ. 22ಕ್ಕೂ ಹೆಂಗೆ ಅಳೆದರು?

ಗರೋನ್ ತೀರ

@ಬೋರ್ ಬಸಣ್ಣ ಅಣ್ಣ, ನೀವು ಜ್ಯೂರಿಯಲ್ಲಿ ಕೂತರೆ ಯಾರೂ ಪಾಸಾಗೋದಿಲ್ಲ 😄 ಇದೇ ಪ್ರಶ್ನೆ ನನ್ನದೂ. ಜೊತೆಗೆ, ಅಳೆಯುವಾಗ ಪಂಪ್ ಓಡುತ್ತಿತ್ತಾ, ನಿಂತಿತ್ತಾ? ಓಡುತ್ತಿದ್ದರೆ ನೀರು ಕೆಳಗೆ ಇಳಿದಿರುತ್ತದೆ, ಆ ಅಳತೆಯಿಂದ ಊರಿನ ಅಂತರ್ಜಲದ ಬಗ್ಗೆ ಏನೂ ಹೇಳೋಕಾಗುವುದಿಲ್ಲ. ಮಾವ, ಕೇಳಿ ಹೇಳ್ತೀರಾ?

ಹೊಸಬ_23

ಫ್ರೆಂಚ್ ಎಂ.ಎ.ಗೆ ಬೆಂಗಳೂರಿನಲ್ಲಿ ಸೀಟು ಸಿಗುತ್ತಾ? ಬಿ.ಕಾಂ. ಮಾಡಿದವರು ಹಾಕಬಹುದಾ?

ಚುರುಮುರಿ

@ಹೊಸಬ_23 ಇದು ಫ್ರೆಂಚ್ ಕಲಿಯೋ ಮಾಸ್ಟರ್ಸ್ ಅಲ್ಲ ಗುರು, ಫ್ರಾನ್ಸಲ್ಲಿ ನೀರಿನ ಮಾಸ್ಟರ್ಸ್. ಹೊಸ ದಾರ ಶುರು ಮಾಡು, ಅಲ್ಲಿ ಹೇಳ್ತಾರೆ.

ಲಿಯೋನ್ ಲೋಕಿ

ನಾನು ಲಿಯೋನ್‌ನಲ್ಲಿ ಬಿಸಿನೆಸ್ ಸ್ಕೂಲ್ ಮಾಡಿದೆ. ನನ್ನ ಲೆಟರು ಇಂಗ್ಲಿಷಿನಲ್ಲೇ ಇತ್ತು, ಎರಡು ಪುಟ, ಸಿಕ್ತು. ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾ? ಹಾಗೇ ಮಾರ್ಕ್ಸ್ ಬಗ್ಗೆ ಒಂದು ಟಿಪ್ಸ್: ಅವರು 20ಕ್ಕೆ ಅಂಕ ಕೊಡೋದು. 78% ಇದ್ದರೆ 15.6/20 ಅಂತ ಪರಿವರ್ತಿಸಿ ಹಾಕಿಬಿಡಿ, ಅವರಿಗೆ ಸುಲಭ ಆಗುತ್ತದೆ.

ಗರೋನ್ ತೀರ

ಲೋಕಿ, ಬಿಸಿನೆಸ್ ಸ್ಕೂಲ್ ಬೇರೆ ಲೋಕ. ಅಲ್ಲಿ ಫೀಸು ಕೊಡೋರು ನೀವು. ಇದು ಸರ್ಕಾರಿ ವಿಶ್ವವಿದ್ಯಾಲಯ, ಪಾಠ ಫ್ರೆಂಚಿನಲ್ಲಿ.

ಅಂಕದ ವಿಷಯ ಅರ್ಧ ಸರಿ. 20ಕ್ಕೆ ಕೊಡೋದು ನಿಜ. ಆದರೆ ಇಲ್ಲಿ 12 ಬಂದರೆ ‘ಪರವಾಗಿಲ್ಲ ಚೆನ್ನಾಗಿದೆ’, 14 ‘ಚೆನ್ನಾಗಿದೆ’, 16 ‘ತುಂಬಾ ಚೆನ್ನಾಗಿದೆ’. 20 ಬರೋದು ತೀರಾ ಅಪರೂಪ. 78ನ್ನು ಐದರಿಂದ ಭಾಗಿಸಿದರೆ ಅದು ಭಾಗಾಕಾರ ಅಷ್ಟೇ, ಅರ್ಥ ಬರುವುದಿಲ್ಲ. ಮತ್ತೆ ಅಂಕಪಟ್ಟಿಯಲ್ಲಿ ಇಲ್ಲದ ಸಂಖ್ಯೆ ಲೆಟರಿನಲ್ಲಿ ಕಂಡರೆ ಅನುಮಾನ. ಶೇಕಡಾ ಹಾಗೇ ಬಿಡಿ. ರ‍್ಯಾಂಕ್ ಗೊತ್ತಿದ್ದರೆ ‘60 ಜನರಲ್ಲಿ 4ನೆಯವಳು’ ಅಂತ ಬರೆಯಿರಿ, ಅದು ಯಾವ ದೇಶದವರಿಗೂ ಅರ್ಥ ಆಗುತ್ತದೆ.

ಮೈಸೂರು ಮಾವ

ಸೊಸೆಗೆ ಫೋನ್ ಮಾಡಿದೆ. ಬಸಣ್ಣ ಅವರ ಪ್ರಶ್ನೆ ಓದಿದ ತಕ್ಷಣ ಸುಮ್ಮನಾದಳು. ಆಮೇಲೆ ಹೇಳಿದಳು: “ಮಾವ, ನೀರಿನ ಮಟ್ಟ ಅಳೆದಿದ್ದು 14ರಲ್ಲಿ ಮಾತ್ರ. ಉಳಿದ ಎಂಟಕ್ಕೆ ಮಟ್ಟ ಅಳೆಯೋ ಸೋನ್ಡ್ ಇಳೀಲೇ ಇಲ್ಲ, ಮುಚ್ಚಳ ಇತ್ತು. ಅವುಗಳಿಂದ ನೀರು ಮಾತ್ರ ಬಾಟಲಿಗೆ ತಗೊಂಡ್ವಿ.” ಟಿಪ್ಪಣಿಯಲ್ಲಿ ಎಲ್ಲಾ ಸೇರಿಸಿ 22 ಅಂತ ಬರೆದುಬಿಟ್ಟಿದ್ದಳು.

ಪಂಪ್ ವಿಷಯ ಕೇಳಿದೆ. ಬೆಳಿಗ್ಗೆ ಕರೆಂಟ್ ಬರೋ ಮುಂಚೆ ಹೋಗಿ ಅಳೆಯುತ್ತಿದ್ದರಂತೆ. ಗೈಡ್ ಹಾಗೇ ಹೇಳಿದ್ದರಂತೆ, ಯಾಕೆ ಅಂತ ಇವತ್ತು ಅರ್ಥ ಆಯ್ತು ಅಂದಳು.

ಮತ್ತೆ ‘ನಾವು’ ಅಂದರೆ ಯಾರು ಅಂತಲೂ ಕೇಳಿದೆ. ಮೂರು ಜನ. ಅಳೆಯೋದು ಇವಳು, ಬೈಕ್ ಒಬ್ಬ ಓಡಿಸುತ್ತಿದ್ದ, ಬರೆದುಕೊಳ್ಳೋದು ಇನ್ನೊಬ್ಬಳು.

ಗರೋನ್ ತೀರ

ನೋಡಿ, ಇಲ್ಲಿ ಲೆಟರು ಶುರುವಾಯ್ತು. “ನೀರೆಂದರೆ ನನಗೆ ಬಾಲ್ಯದಿಂದ ಪ್ರೀತಿ” ಅನ್ನೋದಕ್ಕಿಂತ “ಪಂಪ್ ನಿಂತಿದ್ದಾಗ ಬೆಳಿಗ್ಗೆ ಅಳೆದೆ” ಅನ್ನೋ ನಾಲ್ಕು ಪದ ಹೆಚ್ಚು ತೂಕ. ಇವಳಿಗೆ ಕೆಲಸ ಗೊತ್ತು ಅಂತ ಓದಿದವರಿಗೆ ತಾನೇ ಗೊತ್ತಾಗುತ್ತದೆ.

‘ನಾವು’ ವಿಷಯ ಕೇಳಿದ್ದು ಒಳ್ಳೇದಾಯ್ತು. ಕನ್ನಡದಲ್ಲಿ ‘ನಾನು ನಾನು’ ಅಂದರೆ ಜಂಬ ಅನ್ನಿಸುತ್ತದೆ. ಅದಕ್ಕೆ ಒಬ್ಬರೇ ಮಾಡಿದ್ದನ್ನೂ ‘ಮಾಡಿದೆವು’ ಅಂತೇವೆ, ಇಲ್ಲವೇ ಕರ್ತೃವನ್ನೇ ಬಿಡುತ್ತೇವೆ. ಫ್ರೆಂಚ್ ಲೆಟರಿನಲ್ಲಿ ಅದು ನಡೆಯೋದಿಲ್ಲ. ತಾನು ಮಾಡಿದ್ದಕ್ಕೆ ‘ಜ’, ಮೂವರೂ ಸೇರಿ ಮಾಡಿದ್ದಕ್ಕೆ ‘ನೂ’. ಟಿಪ್ಪಣಿಯ ಪ್ರತಿ ವಾಕ್ಯದ ಪಕ್ಕ ಪೆನ್ಸಿಲ್ಲಿನಲ್ಲಿ ಬರೆಯಿರಿ: ಯಾರು ಮಾಡಿದ್ದು, ಯಾರಿಂದ ಮಾಡಿಸಿದ್ದು. ಆಮೇಲೆ ಮಾತ್ರ ಫ್ರೆಂಚಿಗೆ ಇಳಿಯಿರಿ. ನಾನು ಬರೆದರೆ ಹೀಗೆ:

```
De janvier à mai, avec deux camarades, j'ai mesuré
le niveau d'eau dans 14 forages, le matin, pompes
arrêtées. Nous avons aussi fait analyser l'eau de
22 forages : 9 dépassaient 45 mg/l de nitrates,
la limite indienne.
```

ತಿಂಗಳು ನಿಮ್ಮ ಪ್ರಕಾರ ಬದಲಿಸಿ. ‘ಭಾರತದ ಮಿತಿ’ ಅಂತ ಯಾಕೆ ಹಾಕಿದೆ ಅಂದರೆ, ನಮ್ಮಲ್ಲಿ ಕುಡಿಯೋ ನೀರಿಗೆ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ, ಫ್ರಾನ್ಸಲ್ಲಿ 50. ಬರೀ ‘ಮಿತಿ ಮೀರಿತ್ತು’ ಅಂದರೆ ಅವರು 50 ಅಂದುಕೊಳ್ಳುತ್ತಾರೆ. 47 ಬಂದ ಬೋರ್ ಇದ್ದರೆ ಲೆಕ್ಕ ತಪ್ಪುತ್ತದೆ.

ಒಂದು ಪ್ರಶ್ನೆ ಉಳಿಯಿತು. ರಾತ್ರಿ ಪಾಳಿಯಲ್ಲಿ ತ್ರೀ ಫೇಸ್ ಕೊಟ್ಟ ದಿನಗಳಲ್ಲಿ ಪಂಪ್ ನಿಂತು ಎಷ್ಟು ಹೊತ್ತಾಗಿತ್ತು? ಒಂದೇ ಗಂಟೆ ಆಗಿದ್ದರೆ ನೀರು ಇನ್ನೂ ಮೇಲೆ ಏರುತ್ತಿರುತ್ತದೆ. ಲೆಟರಿಗೆ ಬೇಡ, ಸಂದರ್ಶನಕ್ಕೆ ಉತ್ತರ ಇಟ್ಟುಕೊಂಡಿರಲಿ.

ಬೋರ್ ಬಸಣ್ಣ

ಕೆಲವು ಬೋರ್ ಸಂಜೆವರೆಗೂ ಏರುತ್ತವೆ ಮೇಡಂ. ಕಲ್ಲಿನ ಸೀಳು ಸಣ್ಣದಿದ್ದರೆ ಹಾಗೇ.

ಪಾಂಡಿ ಪದ್ಮ

ನಾನು ಪುದುಚೇರಿಯಲ್ಲಿ ಅನುವಾದ ಮಾಡ್ತೀನಿ, ಹುಟ್ಟಿದ್ದು ಶಿವಮೊಗ್ಗ. ಎಲ್ಲರೂ ಬೋರ್ ಹಿಂದೆ ಬಿದ್ದಿದ್ದೀರಿ, ‘ಕೆರೆ’ಗೆ ಏನು ಹಾಕಿದ್ದೀರಿ ಮಾವ?

ಮೈಸೂರು ಮಾವ

‘ಲಾಕ್’ ಅಂತ ಹಾಕಿದ್ದೇನೆ. ಲೇಕ್ ಅಲ್ವಾ?

ಪಾಂಡಿ ಪದ್ಮ

ಅಯ್ಯೋ. ‘ಲಾಕ್’ ಅಂದರೆ ಪ್ರಕೃತಿಯೇ ಮಾಡಿದ ಸರೋವರ, ಆಲ್ಪ್ಸ್ ಬೆಟ್ಟದ ಮಧ್ಯೆ ದೋಣಿ ತೇಲೋ ಥರದ್ದು ಕಣ್ಣಿಗೆ ಬರುತ್ತದೆ. ನಮ್ಮ ಕೆರೆಗೆ ಏರಿ ಇದೆ, ತೂಬು ಇದೆ, ಕೋಡಿ ಇದೆ. ಜನ ಕಟ್ಟಿದ್ದು. ಇಲ್ಲಿ ಪಾಂಡಿಯಲ್ಲಿ ಮೊದಲಿನಿಂದ ‘ಎತಾಂ’ ಅಂತಲೇ ಹೇಳೋದು. ಅದನ್ನೇ ಹಾಕಿ.

ಗರೋನ್ ತೀರ

‘ಎತಾಂ’ ಅಂದರೆ ಫ್ರಾನ್ಸಿನವರಿಗೆ ಮೀನು ಹಿಡಿಯೋ ಕೊಳ. ಮೋಂಪೆಲಿಯೆಯಲ್ಲಿ ಇನ್ನೂ ತೊಂದರೆ, ಅಲ್ಲಿ ಸಮುದ್ರದ ಪಕ್ಕದ ಉಪ್ಪುನೀರಿನ ಹಿನ್ನೀರಿಗೂ ಅದೇ ಪದ! ದಕ್ಷಿಣ ಭಾರತದ ಬಗ್ಗೆ ಬರೆಯೋ ಫ್ರೆಂಚ್ ಭೂಗೋಳದವರು ‘ಟ್ಯಾಂಕ್’ ಅಂತಲೇ ಬಿಡುತ್ತಾರೆ. ಜೊತೆಗೆ ‘ಊರಿನ ನೀರಾವರಿ ರೆಸೆರ್ವ್ವಾರ್’ ಅಂತ ಒಮ್ಮೆ ಹೇಳಿದರೆ ಆಯ್ತು.

ಪಾಂಡಿ ಪದ್ಮ

‘ಟ್ಯಾಂಕ್’ ಇಂಗ್ಲಿಷಲ್ವಾ? ಫ್ರೆಂಚ್ ಲೆಟರಿನಲ್ಲಿ ಇಂಗ್ಲಿಷ್ ಪದ, ಅದೂ ಯುದ್ಧದ ಟ್ಯಾಂಕ್ ನೆನಪಾಗೋ ಥರದ್ದು. ನಾನು ಒಪ್ಪಲ್ಲ.

ರಿಟೈರ್ಡ್ ಮೇಷ್ಟ್ರು

ಇದಕ್ಕಿಂತ ‘ಕೆರೆ’ ಅಂತಲೇ ಬರೆದು, ಒಂದು ಉಪವಾಕ್ಯದಲ್ಲಿ ಏನು ಅಂತ ಹೇಳುವುದು ಮೇಲು.

ಡಲ್ಲಾಸ್ ದೊರೆ

ಅದು ಸರಿ, ಹೂಳು ತೆಗೆದ ಮೇಲೆ ಬೋರಿಗೆ ನೀರು ಬಂತು ಅನ್ನೋದು ದೊಡ್ಡ ಪಾಯಿಂಟ್! ಅದನ್ನು ಯಾಕೆ ಯಾರೂ ಹೈಲೈಟ್ ಮಾಡ್ತಿಲ್ಲ?

ಗರೋನ್ ತೀರ

ಯಾಕಂದರೆ ಅವಳೇ “ಬಂತು ಅಂತಾರೆ” ಅಂತ ಬರೆದಿದ್ದಾಳೆ. ಅವಳು ಅಳೆದಿಲ್ಲ. ಆ ವರ್ಷ ಮಳೆ ಜಾಸ್ತಿ ಆಗಿದ್ದರೂ ಬರಬಹುದು. ಫ್ರೆಂಚಿನಲ್ಲಿ ಇದಕ್ಕೂ ದಾರಿ ಇದೆ, ‘ಸ್ಲೋಂ ಲೆ ಅಗ್ರಿಕ್ಯುಲ್ತರ್’, ಅಂದರೆ ರೈತರ ಪ್ರಕಾರ. ಅದನ್ನೇ ಪ್ರಶ್ನೆಯಾಗಿ ತಿರುಗಿಸಿ: ರೈತರು ಹೀಗಂತಾರೆ, ನನ್ನ 14 ಬೋರಿನ ಅಳತೆಯಿಂದ ಅದು ಹೌದೋ ಅಲ್ಲವೋ ಹೇಳೋಕಾಗಲಿಲ್ಲ, ಅದನ್ನು ಹೇಳೋಕೆ ಬೇಕಾದ ವಿಧಾನ ಕಲಿಯೋಕೆ ಈ ಕೋರ್ಸು. ಯಾಕೆ ಬರ್ತಿದ್ದೀಯ ಅನ್ನೋ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು. “ಊರಿಗೆ ವಾಪಸ್ ಬಂದು ರೈತರ ಸೇವೆ” ಅಂತ ಟಿಪ್ಪಣಿಯಲ್ಲಿ ಖಂಡಿತ ಇರುತ್ತದೆ, ಅಲ್ವಾ ಮಾವ? ಅದನ್ನು ತೆಗೆದು ಯಾವ ಕೆಲಸ ಮಾಡಬೇಕು ಅಂತಿದ್ದಾಳೆ ಅಂತ ಬರೆಸಿ.

ಅಂದ ಹಾಗೆ ಅವಳ ಊರು ಗುಂಡ್ಲುಪೇಟೆಯಲ್ಲಿ ಎಲ್ಲಿ? ಬೇರಂಬಾಡಿ ಹತ್ತಿರವಾ?

ಮೈಸೂರು ಮಾವ

ಸೇವೆ ಇದೆ ಮೇಡಂ, ಎರಡು ಸಲ ಇದೆ 😅

ಬೇರಂಬಾಡಿಯಿಂದ ಏಳೆಂಟು ಕಿಲೋಮೀಟರ್. ಯಾಕೆ?

ಗರೋನ್ ತೀರ

ಅಯ್ಯೋ ದೇವರೇ! ಆ ಹಳ್ಳದ ಜಲಾನಯನದಲ್ಲಿ ನಮ್ಮ ಐಐಎಸ್‌ಸಿಯವರೂ ಫ್ರೆಂಚರೂ ಸೇರಿ ಎಷ್ಟೋ ವರ್ಷದಿಂದ ಬೋರ್‌ವೆಲ್ ಮಟ್ಟ ಅಳೆಯುತ್ತಿದ್ದಾರೆ. ಬಂಡೀಪುರ ಕಾಡಿನೊಳಗೆ ಮೂಲೆಹೊಳೆಯಲ್ಲೂ ಇದೆ. ಕಬಿನಿ ಕ್ರಿಟಿಕಲ್ ಝೋನ್ ಅಬ್ಸರ್ವೇಟರಿ ಅಂತಾರೆ. ತುಲೂಸ್‌ನ ಜಿಇಟಿ ಲ್ಯಾಬಿನವರು, ಐಆರ್‌ಡಿ, ಇನ್‌ರೇ ಸಂಸ್ಥೆಯವರು ಎಲ್ಲ ಅಲ್ಲಿ ಕೆಲಸ ಮಾಡಿದ್ದಾರೆ. ಫ್ರಾನ್ಸಿನಲ್ಲಿ ನೀರಿನ ಬಗ್ಗೆ ಓದುವವರಲ್ಲಿ ಬೇರಂಬಾಡಿ ಹೆಸರು ಕೇಳಿದವರು ಸಿಗುತ್ತಾರೆ, ಗುಂಡ್ಲುಪೇಟೆ ಹೆಸರು ಕೇಳಿದವರು ಸಿಗೋದಿಲ್ಲ.

ಮೈಸೂರು ಮಾವ

ಸೊಸೆ ಹೇಳಿದ್ದು ಹಾಗೇ ಹಾಕುತ್ತೇನೆ: “ಹೂಂ ಮಾವ, ಮಳೆ ಮೀಟರ್ ಇಟ್ಟಿದ್ರು, ಬಿಳಿಯರು ಅರಿಶಿನ ಹೊಲದಲ್ಲಿ ಮಣ್ಣು ತೆಗೀತಿದ್ರು, ನಾವು ನೋಡೋಕೆ ಹೋಗ್ತಿದ್ವಿ. ಅದೆಲ್ಲ ಲೆಟರಲ್ಲಿ ಬರೀತಾರಾ?”

ಗರೋನ್ ತೀರ

ಬರೀತಾರೆ! ಆದರೆ ಅಳತೆ ಮೀರದೆ. ನೋಡಿದ್ದೇನೆ ಅನ್ನಬಹುದು, ಭಾಗವಹಿಸಿದ್ದೇನೆ ಅನ್ನಬಾರದು. ಅಲ್ಲಿ ಪ್ರಕಟವಾದ ಒಂದು ಲೇಖನವನ್ನಾದರೂ ಓದಿ, ತನ್ನ ಅಂಕಿ ಅದಕ್ಕೆ ಹೊಂದುತ್ತದಾ ನೋಡಿ, ಅದನ್ನು ಒಂದು ವಾಕ್ಯದಲ್ಲಿ ಬರೆಯಲಿ. ಲೆಟರಿನಲ್ಲಿ ಅವರ ಬಗ್ಗೆ ಬರೆಯೋ ಪ್ಯಾರಾ ಅಂದರೆ ಇದೇ. “ನಿಮ್ಮ ಪ್ರತಿಷ್ಠಿತ ವಿಶ್ವವಿದ್ಯಾಲಯ” ಅನ್ನೋದಲ್ಲ. ತುಲೂಸ್‌ಗೂ ಹಾಕೋದಿದ್ದರೆ ಈ ಪ್ಯಾರಾ ಮೇಲಕ್ಕೆ ಬರಲಿ. ಒಂದೇ ಲೆಟರನ್ನು ಹೆಸರು ಬದಲಿಸಿ ಕಳಿಸಿದರೆ ಗೊತ್ತಾಗಿಬಿಡುತ್ತದೆ. ನನ್ನ ಜೊತೆಯವನೊಬ್ಬ ಹಳೇ ಊರಿನ ಹೆಸರು ತೆಗೆಯೋದು ಮರೆತು ಕಳಿಸಿದ್ದ.

ಡಲ್ಲಾಸ್ ದೊರೆ

ಅಂದರೆ ಕೊನೆಗೂ ಕತೆ ಬೇಕಾಯ್ತು 😏 ಮತ್ತೆ ಅಪ್ಪನ ಬೋರ್?

ರಿಟೈರ್ಡ್ ಮೇಷ್ಟ್ರು

ಅರ್ಧ ವಾಕ್ಯ ಕೊಡಬಹುದು. ‘ಕೃಷಿಕ ಕುಟುಂಬದಲ್ಲಿ ಹುಟ್ಟಿದವಳು, ನಮ್ಮ ಮೂರು ಬೋರಿನಲ್ಲಿ ಎರಡು ಬತ್ತಿವೆ’. ಸಾಕು. ಕಣ್ಣೀರಿಲ್ಲ.

ಬೋರ್ ಬಸಣ್ಣ

ಫೇಲ್ ಆಗೋದು ಬೇರೆ, ಬತ್ತೋದು ಬೇರೆ ಮೇಷ್ಟ್ರೇ. ಫೇಲ್ ಅಂದರೆ ಕೊರೆದಾಗಲೇ ನೀರು ಬರಲಿಲ್ಲ.

ರಿಟೈರ್ಡ್ ಮೇಷ್ಟ್ರು

ಒಪ್ಪಿದೆ. ನಾನೂ ಅದೇ ಹಳ್ಳಕ್ಕೆ ಬಿದ್ದೆ.

ಈಗ ಕೊನೆಯ ಸಾಲು. ಮಾವನವರೇ, ಲೆಟರ್ ಹೇಗೆ ಮುಗಿಸಿದ್ದೀರಿ?

ಮೈಸೂರು ಮಾವ

```
Dans l'attente de votre réponse, veuillez agréer,
Monsieur, l'expression de mes salutations distinguées.
```

ರಿಟೈರ್ಡ್ ಮೇಷ್ಟ್ರು

ಮೂರು ಕಡೆ ಎಡವಿದ್ದೀರಿ. ಒಂದು, ಕಾಯುತ್ತಿರುವವಳು ಅವಳು. ಆದರೆ ‘ವೆಯೇ’ ಅಂದಾಗ ಕರ್ತೃ ಅವರಾಗುತ್ತಾರೆ, ಅಂದರೆ ಅವರ ಉತ್ತರಕ್ಕೆ ಅವರೇ ಕಾಯುತ್ತಿದ್ದಾರೆ. ‘ಜ ವು ಪ್ರಿ’ ಅಂತ ತನ್ನಿಂದ ಶುರು ಮಾಡಬೇಕು. ಎರಡು, ಮೇಲೆ ‘ಮದಾಮ್, ಮೊಸ್ಯೂ’ ಅಂತ ಕರೆದು ಕೆಳಗೆ ಬರೀ ‘ಮೊಸ್ಯೂ’. ಮೇಲಿನದೇ ಕೆಳಗೂ ಬರಬೇಕು. ಮೂರು, ನಮಸ್ಕಾರವೇ ಒಂದು ಅಭಿವ್ಯಕ್ತಿ, ‘ನಮಸ್ಕಾರಗಳ ಅಭಿವ್ಯಕ್ತಿ’ ಅಂದರೆ ಗೇಟಿನ ಬಾಗಿಲು ಅಂದ ಹಾಗೆ.

```
Dans l'attente de votre réponse, je vous prie d'agréer,
Madame, Monsieur, mes salutations distinguées.
```

ಲಿಯೋನ್ ಲೋಕಿ

ಮೇಷ್ಟ್ರೇ, ನಮ್ಮ ಆಫೀಸಲ್ಲಿ ಎಲ್ಲಾ ಫ್ರೆಂಚರೂ ‘ಲೆಕ್ಸ್‌ಪ್ರೆಸ್ಯೋಂ ದ ಮೆ ಸಾಲ್ಯುತಾಸ್ಯೋಂ’ ಅಂತಲೇ ಬರೆಯೋದು. ಇ-ಮೇಲ್‌ನಲ್ಲಾದರೆ ‘ಕೋರ್ದ್ಯಾಲ್‌ಮಾಂ’, ಮುಗೀತು.

ರಿಟೈರ್ಡ್ ಮೇಷ್ಟ್ರು

ಎಲ್ಲರೂ ಬರೆಯುತ್ತಾರೆ ಅಂತ ಸರಿಯಾಗುವುದಿಲ್ಲ.

ಪಾಂಡಿ ಪದ್ಮ

ಅದಕ್ಕೆ ಯಾರನ್ನೂ ಫೇಲ್ ಮಾಡೋದೂ ಇಲ್ಲ ಮೇಷ್ಟ್ರೇ 🙂

ಇನ್ನೊಂದು ಮಾತು. ಫ್ರೆಂಚ್ ಸರ್ಕಾರದ ಕ್ಯಾಂಪಸ್ ಫ್ರಾನ್ಸ್ ಪೋರ್ಟಲ್ ಮೂಲಕ ಹಾಕುವಾಗ ಉದ್ದೇಶ ಬರೆಯೋಕೆ ಬಾಕ್ಸ್ ಬಂದರೆ ಅಲ್ಲಿ ಅಕ್ಷರ ಎಣಿಸುತ್ತದೆ. ವಿಳಾಸ, ಮದಾಮ್, ಸಲಾಮು ಎಲ್ಲ ಅಲ್ಲಿ ವ್ಯರ್ಥ. ನೇರ ವಿಷಯಕ್ಕೆ ಬನ್ನಿ. ಪಿಡಿಎಫ್ ಕೇಳಿದಲ್ಲಿ ಮಾತ್ರ ಪೂರ್ತಿ ಲೆಟರು.

ಲಿಯೋನ್ ಲೋಕಿ

ಯಾರೂ ಮಾತಾಡದ ವಿಷಯ ನಾನು ಕೇಳ್ತೀನಿ. ಲೆಟರು ಮಾವ ಬರೆದರೆ ಅದು ಮೋಸ ಅಲ್ವಾ? ಬಿ2 ಅಂದರೆ ಅವಳೇ ಬರೆಯಬೇಕು ತಾನೇ?

ರಿಟೈರ್ಡ್ ಮೇಷ್ಟ್ರು

ಫ್ರಾನ್ಸಿನ ಮಕ್ಕಳೂ ಅಪ್ಪ ಅಮ್ಮನ ಹತ್ತಿರ ತಿದ್ದಿಸಿಕೊಳ್ಳುತ್ತಾರೆ. ವಿಷಯ ಅವಳದು.

ಗರೋನ್ ತೀರ

ನನಗೆ ಇಲ್ಲಿ ಎರಡು ಮನಸ್ಸು. ತಿದ್ದೋದು ಬೇರೆ, ಬರೆಯೋದು ಬೇರೆ. ವೀಸಾಕ್ಕೆ ಮುಂಚೆ ಕ್ಯಾಂಪಸ್ ಫ್ರಾನ್ಸಿನವರು ಕೂರಿಸಿ ಮಾತಾಡಿಸುತ್ತಾರೆ. ಲೆಟರಿನಲ್ಲಿ ಮೇಷ್ಟ್ರ ಫ್ರೆಂಚ್, ಬಾಯಲ್ಲಿ ಬಿ2 ಫ್ರೆಂಚ್ ಆದರೆ ಕಾಣುತ್ತದೆ. ಡೆಲ್ಫ್ ಬಿ2 ಪಾಸಾಗೋಕೆ 100ಕ್ಕೆ 50 ಸಾಕು, ಒಂದೊಂದು ಭಾಗದಲ್ಲಿ 25ಕ್ಕೆ 5 ಬಂದರೂ ನಡೆಯುತ್ತದೆ. ಹಾಗಾಗಿ ಬಿ2 ಅಂದರೂ ಬರೆಯೋದರಲ್ಲಿ ಸೋತವರು ಇರುತ್ತಾರೆ, ಅದು ಅವರಿಗೂ ಗೊತ್ತು. ವಾಕ್ಯ ಸಣ್ಣದಾಗಿರಲಿ, ಅವಳು ಬಾಯಲ್ಲಿ ಹೇಳಬಲ್ಲಷ್ಟೇ ಇರಲಿ. ಮಾವ, ನೀವು ಬರೆಯೋದು ನಿಲ್ಲಿಸಿ. ಪೆನ್ಸಿಲ್ ಹಾಕಿದ ಕನ್ನಡ ಟಿಪ್ಪಣಿ ವಾಪಸ್ ಕೊಟ್ಟು, ಅವಳೇ ನೇರ ಫ್ರೆಂಚಿನಲ್ಲಿ ಬರೆಯಲಿ. ಆಮೇಲೆ ನೀವು ತಿದ್ದಿ.

ಲಿಯೋನ್ ಲೋಕಿ

ಅಷ್ಟು ಟೈಮ್ ಇದೆಯಾ ಅವಳ ಹತ್ತಿರ?

ಮೈಸೂರು ಮಾವ

ಹನ್ನೊಂದು ದಿನ ಇದೆ. ನಿನ್ನೆ ರಾತ್ರಿ ಟಿಪ್ಪಣಿ ವಾಪಸ್ ಕಳಿಸಿದೆ, 31 ವಾಕ್ಯದ ಪಕ್ಕ ‘ಯಾರು?’ ಅಂತ ಬರೆದು. ಇವತ್ತು ಬೆಳಿಗ್ಗೆ ಅವಳೇ ಬರೆದ ಮೊದಲ ಪ್ಯಾರಾ ಬಂತು. ಫೊರಾಜ್ ಸರಿಯಾಗಿದೆ, ‘ಪಾಸ್ಯೊನೆ’ ತೆಗೆದೇ ಹಾಕಿದ್ದಾಳೆ. ಕೆರೆ ಜಾಗದಲ್ಲಿ ಖಾಲಿ ಬಿಟ್ಟು, “ಮಾವ, ಆ ಇಬ್ಬರು ಮೇಡಂ ಒಂದು ತೀರ್ಮಾನಕ್ಕೆ ಬಂದರಾ?” ಅಂತ ಕೇಳಿದ್ದಾಳೆ.

ಪಾಂಡಿ ಪದ್ಮ

ಎತಾಂ.

ಗರೋನ್ ತೀರ

ಟ್ಯಾಂಕ್.

ಬೋರ್ ಬಸಣ್ಣ

ಆ ಎಂಟು ಬೋರಿನ ಮುಚ್ಚಳ ತೆಗೆಸಿಕೊಡ್ತೀನಿ, ಆ ಕಡೆ ನಮ್ಮ ರಿಗ್ ಬಂದಾಗ. ಮತ್ತೆ ಅಳೆಯೋದಿದ್ದರೆ ಹೇಳಲಿ.